ಡಾಲರ್ ದರ ಗಟ್ಟಿ ನಿಂತರೆ ಬಡ್ಡಿ ಯಾರ ಕೈಯಲ್ಲಿ?

ಪ್ರಶ್ನೆ: ನಮ್ಮದು ತಿಕೋಟಾ ಕಡೆ ಒಣದ್ರಾಕ್ಷಿ ವ್ಯಾಪಾರರೀ, ಹೊರದೇಶಕ್ಕೂ ಕಳಸ್ತೀವಿ. ಡಾಲರ್ ರೇಟು ದಿನಕ್ಕೊಂದು ಆದ್ರ ನಾವು ಮಾತು ಕೊಡೂದು ಹೆಂಗ? ರಿಸರ್ವ್ ಬ್ಯಾಂಕು ಬೆಲೆ ಏರಿಕೆ ನಾಲ್ಕು ಪರ್ಸೆಂಟ್ ಅಂತ ಗುರಿ ಇಟ್ಕೊಂಡು ಕುಂತೈತಿ. ಅದರ ಬದ್ಲಿ ಡಾಲರಿಗೆ ಇಷ್ಟ ರೂಪಾಯಿ ಅಂತ ಗಟ್ಟಿ ನಿಲ್ಲಿಸಿಬಿಟ್ರ ನಮ್ಮ ತೊಂದರೀನೂ ತೀರತೈತಿ, ಎಣ್ಣಿ, ಡೀಸೆಲ್ ರೇಟೂ ಏರೂದಿಲ್ಲ. ಯಾಕ ಮಾಡೂದಿಲ್ಲ?

ಉತ್ತರ: ಒಂದೆರಡು ವರ್ಷದ ಮಟ್ಟಿಗೆ ನಿಮ್ಮ ತೊಂದರೆ ತೀರಬಹುದು. ಆಮೇಲೆ ಅದೇ ಗಟ್ಟಿ ದರ ನಿಮ್ಮ ವ್ಯಾಪಾರವನ್ನೇ ತಿನ್ನತೊಡಗುತ್ತದೆ. ಇಲ್ಲಿಯ ಬೆಲೆಗಳು ಅಮೆರಿಕದಷ್ಟೇ ನಿಧಾನವಾಗಿ ಏರುತ್ತಿದ್ದರೆ ಮಾತ್ರ ಡಾಲರಿಗೆ ಕಟ್ಟಿದ ರೂಪಾಯಿ ಬಾಳುತ್ತದೆ. ಅಂದರೆ ಹಣದುಬ್ಬರವನ್ನು ಹಿಡಿಯುವ ಕೆಲಸ ಮೊದಲು ಆಗಿರಬೇಕು, ದರ ನಿಲ್ಲಿಸುವ ಮಾತು ಅದರ ನಂತರದ್ದು. ಲೆಕ್ಕ ಹಾಕಿಯೇ ನೋಡೋಣ.

ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. ಇಲ್ಲಿ ಬರುವ ಅಂಕಿಗಳೆಲ್ಲ ಲೆಕ್ಕದ ಅನುಕೂಲಕ್ಕೆ ಹಿಡಿದವು, ಪೇಟೆಯ ದರವಲ್ಲ. ಒಂದು ಕಿಲೋ ಒಣದ್ರಾಕ್ಷಿಯನ್ನು 2 ಡಾಲರಿಗೆ ಮಾರಿದರೆ ನಿಮ್ಮ ಕೈಗೆ 170 ರೂಪಾಯಿ ಬರುತ್ತದೆ. ಒಂದು ಕಿಲೋಗೆ ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಬೇಕು. ಅದರ ಮೇಲೆ ಅದ್ದುವ ಎಣ್ಣೆ, ಪೊಟ್ಯಾಶಿಯಂ ಕಾರ್ಬೊನೇಟ್, ಶೆಡ್ಡಿನ ಆಳು, ಗ್ರೇಡಿಂಗ್, ಕೋಲ್ಡ್ ಸ್ಟೋರೇಜ್ ಬಾಡಿಗೆ, ಬಾಕ್ಸು, ಬಂದರಿನ ತನಕ ಲಾರಿ ಬಾಡಿಗೆ. ಎಲ್ಲ ಸೇರಿ 150 ರೂಪಾಯಿ ಖರ್ಚು, ಉಳಿಯುವುದು 20.

ಈಗ ನಮ್ಮಲ್ಲಿ ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ, ಅಮೆರಿಕದಲ್ಲಿ ಶೇಕಡಾ 2ರಂತೆ ಏರುತ್ತವೆ ಎನ್ನಿ. ಐದು ವರ್ಷದಲ್ಲಿ ನಿಮ್ಮ ಖರ್ಚು 150ರಿಂದ ಸುಮಾರು 201ಕ್ಕೆ ಹೋಗುತ್ತದೆ. ಅಲ್ಲಿಯ ಗಿರಾಕಿ ಕೊಡುವ ಬೆಲೆ 2 ಡಾಲರಿನಿಂದ ಸುಮಾರು 2.21 ಡಾಲರಿಗೆ ಏರುತ್ತದೆ. ದರ 85ಕ್ಕೇ ನಿಂತಿದ್ದರೆ ನಿಮಗೆ ಸಿಗುವುದು 188 ರೂಪಾಯಿ. ಕಿಲೋಗೆ 20 ಉಳಿಯುತ್ತಿದ್ದಲ್ಲಿ ಈಗ 13 ರೂಪಾಯಿ ಕೈಬಿಟ್ಟಿತು. ಅದೇ ರೂಪಾಯಿ ತಾನಾಗಿ ಇಳಿಯಲು ಬಿಟ್ಟು, ಎರಡು ದೇಶಗಳ ಬೆಲೆ ಏರಿಕೆಯ ಅಂತರದಷ್ಟೇ ಇಳಿದು 103ಕ್ಕೆ ಬಂದಿದ್ದರೆ, ನಿಮಗೆ 227 ಸಿಕ್ಕು 27 ಉಳಿಯುತ್ತಿತ್ತು. ಇಂದಿನ 20 ರೂಪಾಯಿಯ ಬೆಲೆಯೇ ಅಂದಿನ 27.

ಗುರಿಯ ಪ್ರಕಾರ ಹಣದುಬ್ಬರ ಶೇಕಡಾ 4ರಲ್ಲೇ ನಿಂತರೂ ಗಟ್ಟಿ ದರದಲ್ಲಿ ಐದನೆಯ ವರ್ಷ ನಿಮಗೆ ಉಳಿಯುವುದು ಕಿಲೋಗೆ 5 ರೂಪಾಯಿ ಮಾತ್ರ. ಎರಡೂ ಕಡೆ ಶೇಕಡಾ 2 ಇದ್ದಾಗಷ್ಟೇ ಗಟ್ಟಿ ದರ ನಿಮಗೆ ನಷ್ಟ ಮಾಡುವುದಿಲ್ಲ. ಈ ಹಾನಿ ಒಂದೇ ಸಲ ಕಣ್ಣಿಗೆ ಬೀಳುವುದಿಲ್ಲ. ದರ ಒಂದೇ ಇದೆ, ಪೇಪರಿನಲ್ಲಿ ರೂಪಾಯಿ ಗಟ್ಟಿ ಇದೆ ಎಂದೇ ಬರುತ್ತಿರುತ್ತದೆ, ಇತ್ತ ಹೊರಗಿನ ಗಿರಾಕಿ ಇರಾನಿನದೋ ತುರ್ಕಿಯದೋ ಮಾಲಿನ ಕಡೆ ಸರಿದಿರುತ್ತಾನೆ. ಒಳನಾಡಿನಲ್ಲೇ ಮಾರುವ ನಿಮ್ಮ ನೆರೆಯವನಿಗೂ ತಪ್ಪಿದ್ದಲ್ಲ, ಆಮದಾಗುವ ಒಣದ್ರಾಕ್ಷಿ ಇಲ್ಲಿಯ ಮಾಲಿಗೆ ಹೋಲಿಸಿದರೆ ವರ್ಷ ವರ್ಷ ಅಗ್ಗವಾಗುತ್ತಾ ಬರುತ್ತದೆ.

ಇಷ್ಟು ನಿಧಾನದ ಪೆಟ್ಟು. ಜೋರಾದದ್ದು ಬೇರೆ ಇದೆ. ಅದನ್ನು ತಿಳಿಯಲು ಕೇಂದ್ರೀಯ ಬ್ಯಾಂಕು ಒಂದು ದರವನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಆದೇಶ ಹೊರಡಿಸಿ ಕೂತರೆ ದರ ನಿಲ್ಲುವುದಿಲ್ಲ. ಆ ದರಕ್ಕೆ ಯಾರು ಬಂದು ಡಾಲರ್ ಕೇಳಿದರೂ ಕೊಡುತ್ತೇನೆ ಎಂದು ಬ್ಯಾಂಕು ಕೌಂಟರಿನಲ್ಲಿ ನಿಂತಿರಬೇಕು.

ಡಾಲರಿಗೆ 60 ರೂಪಾಯಿ ಎಂಬ ದರವನ್ನು ಕಾಯಲು ರಿಸರ್ವ್ ಬ್ಯಾಂಕು ಒಂದು ಬಿಲಿಯನ್, ಅಂದರೆ ನೂರು ಕೋಟಿ ಡಾಲರ್ ಮಾರಿತು ಎನ್ನಿ. ಕೊಂಡ ಬ್ಯಾಂಕುಗಳು 6,000 ಕೋಟಿ ರೂಪಾಯಿ ಕೊಡುತ್ತವೆ. ಆ ರೂಪಾಯಿ ಇನ್ನೊಬ್ಬರ ಕೈ ಸೇರುವುದಿಲ್ಲ, ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟಿರುವ ಖಾತೆಯಿಂದ ಕಡಿತವಾಗಿ ವ್ಯವಸ್ಥೆಯಿಂದಲೇ ಮಾಯವಾಗುತ್ತದೆ. ಹತ್ತು ಬಿಲಿಯನ್ ಮಾರಿದರೆ 60,000 ಕೋಟಿ ಹೋಯಿತು. ಸಂಜೆಯ ಹೊತ್ತಿಗೆ ಬ್ಯಾಂಕುಗಳಿಗೆ ನಗದು ಸಾಲದೆ, ಒಂದಕ್ಕೊಂದು ಒಂದು ರಾತ್ರಿಗೆಂದು ಕೊಡುವ ಸಾಲದ ಬಡ್ಡಿ ಜಿಗಿಯುತ್ತದೆ. ಈಗ ರಿಸರ್ವ್ ಬ್ಯಾಂಕಿನ ಮುಂದೆ ಎರಡೇ ದಾರಿ. ಬಡ್ಡಿಯನ್ನು ಏರಲು ಬಿಡಬೇಕು. ಆಗ ರೂಪಾಯಿ ಸಾಲ ತಂದು ಡಾಲರ್ ಕೊಳ್ಳುವುದು ತುಟ್ಟಿಯಾಗಿ ದರ ನಿಲ್ಲುತ್ತದೆ, ಆದರೆ ನಿಮ್ಮ ಸೀಜನ್ ಸಾಲವೂ ತುಟ್ಟಿಯಾಗುತ್ತದೆ. ಇಲ್ಲವೇ ಸರಕಾರಿ ಬಾಂಡು ಕೊಂಡು ಆ ರೂಪಾಯಿಯನ್ನು ಬ್ಯಾಂಕುಗಳಿಗೆ ವಾಪಸು ತುಂಬಬೇಕು. ಆಗ ಬಡ್ಡಿ ಇಳಿಯುತ್ತದೆ, ಆದರೆ ಅದೇ ರೂಪಾಯಿ ಮರುದಿನ ಬೆಳಿಗ್ಗೆ ಮತ್ತೆ ಡಾಲರ್ ಕೇಳಿಕೊಂಡು ಬರುತ್ತದೆ. ತಳದಲ್ಲಿ ತೂತಿದ್ದ ಕೊಡಕ್ಕೆ ನೀರು ಹೊಯ್ದಂತೆ. ಕೂಡಿಟ್ಟ ಡಾಲರ್ ಮೀಸಲು ಇರುವಷ್ಟು ದಿನ ಮಾತ್ರ ಆ ಆಟ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಅಸಾಧ್ಯ ತ್ರಿಕೋನ ಎನ್ನುತ್ತಾರೆ. ಗಟ್ಟಿ ವಿನಿಮಯ ದರ, ಹಣ ಒಳಗೆ ಹೊರಗೆ ಸಲೀಸಾಗಿ ಓಡಾಡುವುದು, ಬಡ್ಡಿ ನಮ್ಮ ಕೈಯಲ್ಲಿರುವುದು, ಈ ಮೂರರಲ್ಲಿ ಎರಡನ್ನು ಹಿಡಿದರೆ ಮೂರನೆಯದು ಜಾರುತ್ತದೆ. ನಮ್ಮಲ್ಲಿ ಹಣದ ಓಡಾಟ ಪೂರ್ತಿ ತೆರೆದಿಲ್ಲ, ಹಾಗಾಗಿ ತ್ರಿಕೋನದ ಮೂಲೆಗಳು ಅಷ್ಟು ಚೂಪಿಲ್ಲ. ಆದರೂ ಎಷ್ಟು ಚುಚ್ಚುತ್ತವೆ ಎಂಬುದು 2013ರಲ್ಲಿ ಗೊತ್ತಾಯಿತು.

ಆ ವರ್ಷ ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವಿನ ಅಧ್ಯಕ್ಷರಾಗಿದ್ದ ಬೆನ್ ಬರ್ನಾಂಕಿ, ಬಾಂಡು ಖರೀದಿಯನ್ನು ಕಡಿಮೆ ಮಾಡುವ ಸುಳಿವು ಕೊಟ್ಟರು. ಅಲ್ಲಿ ಬಡ್ಡಿ ಏರುತ್ತದೆಂಬ ನಿರೀಕ್ಷೆಯಲ್ಲಿ ನಮ್ಮಂಥ ದೇಶಗಳಿಗೆ ಬಂದಿದ್ದ ಡಾಲರ್ ಹಿಂದಿರುಗತೊಡಗಿತು. ಡಾಲರಿಗೆ ಸುಮಾರು 55 ಇದ್ದ ರೂಪಾಯಿ ಜುಲೈ ಹೊತ್ತಿಗೆ 60 ದಾಟಿತು. ಜುಲೈ 15ರಂದು ರಿಸರ್ವ್ ಬ್ಯಾಂಕು ರೂಪಾಯಿಯನ್ನು ಕಾಯಲು ಬಡ್ಡಿಯ ದಾರಿ ಹಿಡಿಯಿತು. ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಮಾಮೂಲಿ ಬಡ್ಡಿಯಾದ ರೆಪೊ ದರವನ್ನು ಮುಟ್ಟಲಿಲ್ಲ, ಅದು ಶೇಕಡಾ 7.25ರಲ್ಲೇ ಇತ್ತು. ಆದರೆ ಬ್ಯಾಂಕುಗಳು ತುರ್ತಿಗೆ ಸಾಲ ಪಡೆಯುವ ಮಾರ್ಜಿನಲ್ ಸ್ಟ್ಯಾಂಡಿಂಗ್ ಫೆಸಿಲಿಟಿಯ ದರವನ್ನು ಒಂದೇ ಏಟಿಗೆ 8.25ರಿಂದ 10.25ಕ್ಕೆ ಏರಿಸಿತು. ರೆಪೊ ದರದಲ್ಲಿ ಸಿಗುವ ಸಾಲಕ್ಕೂ ಮಿತಿ ಹಾಕಿತು, ಸುಮಾರು ಒಂದು ವಾರದಲ್ಲಿ ಆ ಮಿತಿಯನ್ನು ಇನ್ನೂ ಬಿಗಿ ಮಾಡಿತು. ಹೆಸರಿಗೆ ರೆಪೊ 7.25, ನಿಜದಲ್ಲಿ ಹಣ ಸಿಗುತ್ತಿದ್ದದ್ದು ಹತ್ತರ ಆಸುಪಾಸಿನಲ್ಲಿ.

ಇಷ್ಟಾದರೂ ರೂಪಾಯಿ ನಿಲ್ಲಲಿಲ್ಲ. ಆಗಸ್ಟ್ 28ರಂದು 68 ದಾಟಿ ಹೋಯಿತು. ಬಡ್ಡಿ ಏರಿಸಿದ್ದು ಸಾಲದೆ ಹೋಯಿತು ಎಂದಲ್ಲ, ರೋಗ ಬೇರೆಡೆ ಇತ್ತು. 2012-13ರಲ್ಲಿ ನಮ್ಮ ಚಾಲ್ತಿ ಖಾತೆಯ ಕೊರತೆ, ಅಂದರೆ ಹೊರದೇಶಗಳ ಜೊತೆಗಿನ ವ್ಯವಹಾರದಲ್ಲಿ ಗಳಿಸಿದ್ದಕ್ಕಿಂತ ಹೆಚ್ಚು ತೆತ್ತ ಮೊತ್ತ, ಜಿಡಿಪಿಯ ಶೇಕಡಾ 4.8ರಷ್ಟಿತ್ತು, ಗ್ರಾಹಕ ಬೆಲೆಗಳು ವರ್ಷಕ್ಕೆ ಶೇಕಡಾ ಹತ್ತರ ಸುತ್ತ ಏರುತ್ತಿದ್ದವು. ಬೆಲೆ ಏರಿಕೆಯಿಂದ ಉಳಿತಾಯ ಕರಗುತ್ತದೆ ಎಂದು ಜನ ಬಂಗಾರ ಕೊಳ್ಳುತ್ತಿದ್ದರು, ಬಂಗಾರಕ್ಕೆ ಡಾಲರ್ ಬೇಕು. ಇಂಥ ಹೊತ್ತಿನಲ್ಲಿ ಮಾರುವವನಿಗೂ ಕೊಳ್ಳುವವನಿಗೂ ರೂಪಾಯಿ ಇನ್ನೂ ಇಳಿಯುತ್ತದೆ ಎಂದು ಅನ್ನಿಸಿದರೆ, ಎರಡು ತಿಂಗಳಿಗೆ ಎರಡು ಪರ್ಸೆಂಟ್ ಹೆಚ್ಚು ಬಡ್ಡಿ ಯಾರನ್ನೂ ತಡೆಯುವುದಿಲ್ಲ. ಒಂದು ವಾರದಲ್ಲಿ ಐದು ಪರ್ಸೆಂಟ್ ಸಿಗುವಂತಿದ್ದರೆ ವರ್ಷಕ್ಕೆ ಹತ್ತರ ಬಡ್ಡಿ ಯಾವ ಲೆಕ್ಕ?

ಕೊನೆಗೆ ತಿರುವು ಕೊಟ್ಟದ್ದು ಸೆಪ್ಟೆಂಬರಿನಲ್ಲಿ, ರಘುರಾಮ್ ರಾಜನ್ ಗವರ್ನರ್ ಆದ ಮೇಲೆ ತೆರೆದ ಒಂದು ಕಿಟಕಿ. ಅನಿವಾಸಿ ಭಾರತೀಯರಿಂದ ಬ್ಯಾಂಕುಗಳು ಮೂರು ವರ್ಷಕ್ಕೆ ಕಡಿಮೆ ಇಲ್ಲದ ಡಾಲರ್ ಠೇವಣಿ ತಂದರೆ, ಆ ಡಾಲರ್ ಪಡೆದು ರೂಪಾಯಿ ಕೊಟ್ಟು, ಅವಧಿ ಮುಗಿದಾಗ ಗೊತ್ತುಪಡಿಸಿದ ದರದಲ್ಲಿ ಡಾಲರ್ ಹಿಂದಿರುಗಿಸುವ ಹೊಣೆಯನ್ನು ರಿಸರ್ವ್ ಬ್ಯಾಂಕೇ ಹೊತ್ತಿತು. ಅದಕ್ಕೆ ಬ್ಯಾಂಕುಗಳಿಂದ ತೆಗೆದುಕೊಂಡದ್ದು ವರ್ಷಕ್ಕೆ ಶೇಕಡಾ 3.5 ಮಾತ್ರ, ಪೇಟೆಯಲ್ಲಿ ಅದಕ್ಕೆ ಬಹಳ ಹೆಚ್ಚು ತೆರಬೇಕಿತ್ತು. ಬ್ಯಾಂಕುಗಳು ಹೊರಗೆ ಎತ್ತಿದ ಸಾಲವೂ ಸೇರಿ ಸುಮಾರು 34 ಬಿಲಿಯನ್ ಡಾಲರ್ ಬಂತು. ರೂಪಾಯಿ ಸುಧಾರಿಸಿಕೊಂಡಿತು, ತುರ್ತು ಬಡ್ಡಿಯನ್ನು ಹಂತ ಹಂತವಾಗಿ ಇಳಿಸಿದರು. ಆದರೆ ಇದು ದರ ಕಾಯ್ದ ಖರ್ಚನ್ನು ಸಾರ್ವಜನಿಕ ಲೆಕ್ಕಕ್ಕೆ ಬರೆದುಕೊಂಡಂತೆಯೇ. ಒಂದು ಬಿಕ್ಕಟ್ಟಿಗೆ ಸರಿ, ಪ್ರತಿ ವರ್ಷದ ಪದ್ಧತಿಯಾಗಿ ನಡೆಯುವುದಿಲ್ಲ.

ಈ ಅನುಭವದ ಬೆನ್ನಲ್ಲೇ, 2014ರ ಜನವರಿಯಲ್ಲಿ, ರಿಸರ್ವ್ ಬ್ಯಾಂಕು ನೇಮಿಸಿದ್ದ ಊರ್ಜಿತ್ ಪಟೇಲ್ ಸಮಿತಿ ಗ್ರಾಹಕ ಬೆಲೆ ಸೂಚ್ಯಂಕವನ್ನೇ ಮುಖ್ಯ ಗುರಿ ಮಾಡಿ ಎಂದು ವರದಿ ಕೊಟ್ಟಿತು. 2016ರಲ್ಲಿ ಕಾಯಿದೆ ತಿದ್ದಿ ಅದನ್ನು ಬರೆದಿಟ್ಟರು. ಶೇಕಡಾ 4 ಗುರಿ, ಕೆಳಗೆ 2, ಮೇಲೆ 6ರ ತನಕ ಸಹನೆ. ಗುರಿಯನ್ನು ಐದು ವರ್ಷಕ್ಕೊಮ್ಮೆ ಕೇಂದ್ರ ಸರಕಾರ ರಿಸರ್ವ್ ಬ್ಯಾಂಕಿನ ಜೊತೆ ಸಮಾಲೋಚಿಸಿ ಗೊತ್ತು ಮಾಡುತ್ತದೆ, ಬಡ್ಡಿಯನ್ನು ಆರು ಜನರ ಹಣಕಾಸು ನೀತಿ ಸಮಿತಿ ಮತ ಹಾಕಿ ನಿರ್ಧರಿಸುತ್ತದೆ. ಸರಾಸರಿ ಹಣದುಬ್ಬರ ಸತತ ಮೂರು ತ್ರೈಮಾಸಿಕ ಈ 2ರಿಂದ 6ರ ಮಿತಿಯಿಂದ ಹೊರಗುಳಿದರೆ ಯಾಕೆ ತಪ್ಪಿತು, ಯಾವಾಗ ಸರಿಯಾದೀತು ಎಂದು ಸರಕಾರಕ್ಕೆ ಲಿಖಿತ ವರದಿ ಕೊಡಬೇಕು. 2022ರಲ್ಲಿ ಮೊದಲ ಸಲ ಹಾಗಾಯಿತು.

ಆ 2022ನೇ ವರ್ಷವನ್ನೇ ಪಕ್ಕದಲ್ಲಿಟ್ಟು ನೋಡಿದರೆ ಎರಡು ಗುರಿಗಳ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಅಮೆರಿಕ ತನ್ನ ಹಣದುಬ್ಬರ ಇಳಿಸಲು ಆ ವರ್ಷದಲ್ಲಿ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ 4.25–4.50ಕ್ಕೆ ಒಯ್ದಿತು. ಹಾಂಗ್‌ಕಾಂಗ್ 1983ರಿಂದ ತನ್ನ ಹಣವನ್ನು ಡಾಲರಿಗೆ ಕಟ್ಟಿಕೊಂಡಿದೆ, ಈಗ 7.75ರಿಂದ 7.85ರ ಇಕ್ಕಟ್ಟಾದ ಪಟ್ಟಿಯೊಳಗೆ. ಅಲ್ಲಿಯ ಆರ್ಥಿಕತೆ ಆ ವರ್ಷ ಕುಗ್ಗಿತ್ತು, ಹಣದುಬ್ಬರ ಶೇಕಡಾ 2ರ ಆಸುಪಾಸಿನಲ್ಲಿತ್ತು. ಬಡ್ಡಿ ಏರಿಸಲು ಊರಿನೊಳಗೆ ಒಂದೂ ಕಾರಣವಿರಲಿಲ್ಲ. ಆದರೂ ಅಲ್ಲಿಯ ಮೂಲ ದರ 0.50ರಿಂದ 4.75ಕ್ಕೆ ಏರಿತು, ಅಮೆರಿಕ ಇಟ್ಟ ಪ್ರತಿ ಹೆಜ್ಜೆಯ ಬೆನ್ನಲ್ಲೇ. ಡಾಲರಿಗೆ ಕಟ್ಟಿಕೊಳ್ಳುವುದೆಂದರೆ ಇದು. ಯಾರ ಕಾಯಿಲೆಗೋ ಬರೆದ ಮದ್ದನ್ನು ನಾವು ಕುಡಿಯಬೇಕು.

ಅದೇ ವರ್ಷ ಭಾರತ ರೆಪೊ ದರವನ್ನು 4ರಿಂದ 6.25ಕ್ಕೆ ಏರಿಸಿತು, ಅಮೆರಿಕದ ಏರಿಕೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದ ಒತ್ತಡವನ್ನು ರೂಪಾಯಿ ಹೊತ್ತುಕೊಂಡು 74ರ ಸುತ್ತಿನಿಂದ 83ರ ಹತ್ತಿರ ಬಂತು. ರಿಸರ್ವ್ ಬ್ಯಾಂಕು ಸುಮ್ಮನೆ ನೋಡುತ್ತಾ ಕೂತಿರಲಿಲ್ಲ, ಡಾಲರ್ ಮಾರಿತು. ವಿದೇಶಿ ವಿನಿಮಯ ಮೀಸಲು 2021ರ ಸೆಪ್ಟೆಂಬರಿನ ಸುಮಾರು 640 ಬಿಲಿಯನ್ನಿನಿಂದ 2022ರ ಅಕ್ಟೋಬರ್ ಹೊತ್ತಿಗೆ ಸುಮಾರು 525ಕ್ಕೆ ಇಳಿದಿತ್ತು. ಅದರಲ್ಲಿ ಒಂದು ಪಾಲು ಮಾರಿದ್ದಲ್ಲ, ಕೈಯಲ್ಲಿದ್ದ ಯೂರೋ, ಪೌಂಡ್ ಮತ್ತು ಬಾಂಡುಗಳ ಬೆಲೆ ಇಳಿದದ್ದರಿಂದ ಲೆಕ್ಕದಲ್ಲಿ ಕರಗಿದ್ದು. ಆದರೆ ಮಾರಿದ ಉದ್ದೇಶ ಇಳಿಜಾರನ್ನು ನಿಧಾನ ಮಾಡುವುದಾಗಿತ್ತು, ಇಂಥದೇ ಅಂಕಿಯಲ್ಲಿ ಗೂಟ ಹೊಡೆದು ನಿಲ್ಲಿಸುವುದಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಅಂಕಿ ಘೋಷಿಸಿದ ಕೂಡಲೇ ಅದನ್ನು ಮುರಿಯಲು ಬರುವವರಿಗೆ ಗುರಿ ಕಾಣುತ್ತದೆ. ಮುರಿದರೆ ಅವರಿಗೆ ಲಾಭ, ಮುರಿಯದಿದ್ದರೆ ಕಳೆದುಕೊಳ್ಳುವುದು ಅಲ್ಪ. ಅಂಕಿ ಹೇಳದೆ ಇದ್ದರೆ ಅವರ ಪಣಕ್ಕೆ ಎರಡೂ ಕಡೆ ಅಪಾಯ.

ನಿಮ್ಮ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ತಳ್ಳಿಹಾಕಬಾರದು. ಆಮದಿನ ಬೆಲೆ ಮುಖ್ಯವಾಗಿರುವ ಕಡೆ ವಿನಿಮಯ ದರವೇ ಒಳ್ಳೆಯ ಹಿಡಿತ. ಸಿಂಗಪುರ 1981ರಿಂದ ಬಡ್ಡಿ ದರವನ್ನು ಬಿಟ್ಟು ತನ್ನ ಡಾಲರಿನ ಮೌಲ್ಯದ ಮೂಲಕವೇ ನೀತಿ ನಡೆಸುತ್ತಿದೆ. ವ್ಯಾಪಾರ ಮಾಡುವ ದೇಶಗಳ ಹಣಗಳ ಒಂದು ಬುಟ್ಟಿ, ಅದರ ಸುತ್ತ ಹೊರಗೆ ಹೇಳದ ಅಗಲದ ಒಂದು ಪಟ್ಟಿ, ಬೆಲೆ ಏರುವ ಸೂಚನೆ ಇದ್ದರೆ ಆ ಪಟ್ಟಿ ಬೇಗ ಮೇಲೇರುವಂತೆ ಮಾಡುತ್ತಾರೆ. ಆದರೆ ಗಮನಿಸಿ, ಅಲ್ಲಿಯೂ ಕೊನೆಯ ಗುರಿ ಬೆಲೆಗಳ ಸ್ಥಿರತೆಯೇ, ವಿನಿಮಯ ದರ ಅದಕ್ಕೆ ಹಿಡಿದ ಉಪಕರಣ. ಅದು ಅಲ್ಲಿ ಕೆಲಸ ಮಾಡುವುದು ಯಾಕೆಂದರೆ ಆ ದೇಶದ ರಫ್ತು ಆಮದು ಸೇರಿದರೆ ಅದರ ಇಡೀ ಉತ್ಪನ್ನದ ಮೂರು ಪಟ್ಟಿನ ಆಸುಪಾಸು, ಊಟಕ್ಕೆ ಕೂತವನ ತಟ್ಟೆಯಲ್ಲಿರುವುದು ಬಹುಪಾಲು ಹೊರಗಿನದೇ.

ನಮ್ಮ ತಟ್ಟೆ ಬೇರೆ. 2012ರ ಆಧಾರ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳಿಗೇ ಶೇಕಡಾ 45.86 ತೂಕವಿತ್ತು. ಜೋಳದ ರೊಟ್ಟಿ, ಉಳ್ಳಾಗಡ್ಡಿ, ಬದನಿಕಾಯಿ ಪಲ್ಯದ ಬೆಲೆ ಡಾಲರ್ ನೋಡಿ ಏರುವುದಿಲ್ಲ, ಮಳೆ ನೋಡಿ ಏರುತ್ತದೆ. ಒಗ್ಗರಣೆಯ ಎಣ್ಣೆ, ಪಂಪಿನ ಡೀಸೆಲ್, ತೋಟಕ್ಕೆ ಹಾಕುವ ಪೊಟ್ಯಾಷ್ ಇವು ಡಾಲರಿಗೆ ಅಂಟಿಕೊಂಡವು. ರೂಪಾಯಿ ಶೇಕಡಾ 5 ಇಳಿದರೆ ಹಣದುಬ್ಬರಕ್ಕೆ ಎಷ್ಟು ಸೇರುತ್ತದೆ ಎಂದು ರಿಸರ್ವ್ ಬ್ಯಾಂಕು ತನ್ನ ನೀತಿ ವರದಿಗಳಲ್ಲಿ ಅಂದಾಜು ಕೊಡುತ್ತಾ ಬಂದಿದೆ. ಅದು ಸುಮಾರು ಶೇಕಡಾ 0.2ರಿಂದ 0.35ರ ನಡುವೆ. ಅಂದರೆ ದರವನ್ನು ಪೂರ್ತಿ ನಿಲ್ಲಿಸಿದರೂ ಬೆಲೆ ಏರಿಕೆಯ ಒಂದು ಎಳೆ ಮಾತ್ರ ಕೈಗೆ ಸಿಗುತ್ತದೆ, ಅದಕ್ಕೆ ತೆತ್ತದ್ದು ಇಡೀ ಬಡ್ಡಿಯ ಹಿಡಿತ.

ಹಣದುಬ್ಬರದ ಗುರಿಗೂ ಮಿತಿಯಿದೆ. 2023ರ ಜುಲೈನಲ್ಲಿ ಟೊಮೆಟೊ ಮತ್ತಿತರ ತರಕಾರಿಗಳ ಕಾರಣದಿಂದ ಹಣದುಬ್ಬರ 7.44ಕ್ಕೆ ಹಾರಿತು. ಸಮಿತಿ ರೆಪೊ ದರ ಏರಿಸಲಿಲ್ಲ, 6.50ರಲ್ಲೇ ಇಟ್ಟಿತು. ಬಡ್ಡಿ ಏರಿಸಿದರೆ ಟೊಮೆಟೊ ಹೆಚ್ಚು ಬೆಳೆಯುವುದಿಲ್ಲ, ಹೊಸ ಬೆಳೆ ಬಂದರೆ ತಾನೇ ಇಳಿಯುತ್ತದೆ ಎಂಬ ಲೆಕ್ಕ, ಅದು ಹಾಗೆಯೇ ಆಯಿತು. ಕಷ್ಟ ಇರುವುದು, ಯಾವುದು ಎರಡು ತಿಂಗಳ ಟೊಮೆಟೊ, ಯಾವುದು ಕೂಲಿ, ಬಾಡಿಗೆ, ಬಸ್ ಚಾರ್ಜಿಗೆ ಹಬ್ಬುವ ಏರಿಕೆ ಎಂದು ಅಂದಂದೇ ಗುರುತಿಸುವುದರಲ್ಲಿ. ತಪ್ಪು ಗುರುತಿಸಿದರೆ ಒಂದೋ ವಿನಾಕಾರಣ ಸಾಲ ತುಟ್ಟಿಯಾಗುತ್ತದೆ, ಇಲ್ಲವೇ ತಡವಾಗಿ ಎಚ್ಚೆತ್ತು ಹೆಚ್ಚು ಏರಿಸಬೇಕಾಗುತ್ತದೆ. ಇಷ್ಟಿದ್ದರೂ ನನ್ನ ತೂಕ ಹಣದುಬ್ಬರದ ಗುರಿಯ ಕಡೆಗೇ. ಅದರಲ್ಲಿ ಆದ ತಪ್ಪನ್ನು ಮುಂದಿನ ಸಭೆಯಲ್ಲಿ ಕಾಲು ಪರ್ಸೆಂಟಿನಷ್ಟು ತಿದ್ದಬಹುದು. ಗಟ್ಟಿ ದರದ ತಪ್ಪು ವರ್ಷಗಟ್ಟಲೆ ಒಳಗೇ ಕೂಡಿಕೊಂಡು ಒಂದು ದಿನ ಶೇಕಡಾ ಇಪ್ಪತ್ತರಷ್ಟು ಒಟ್ಟಿಗೆ ಹೊರಬೀಳುತ್ತದೆ. 1991ರ ಜುಲೈ ಮೊದಲ ವಾರ ಎರಡು ಕಂತಿನಲ್ಲಿ ರೂಪಾಯಿಯ ಬೆಲೆ ಇಳಿಸಬೇಕಾಗಿ ಬಂದಾಗ ಆದದ್ದು ಹೆಚ್ಚು ಕಡಿಮೆ ಅದೇ.

ಈಗ ಮಾತು ಕೊಡುವುದು ಹೇಗೆ ಎಂಬ ನಿಮ್ಮ ಕಷ್ಟಕ್ಕೆ ಬರೋಣ. ಇಡೀ ದೇಶದ ದರವನ್ನು ನಿಲ್ಲಿಸದೆ ನಿಮ್ಮ ಒಂದು ಕಂಟೇನರಿನ ದರವನ್ನು ನೀವು ನಿಲ್ಲಿಸಬಹುದು, ಅದಕ್ಕೇ ಫಾರ್ವರ್ಡ್ ಒಪ್ಪಂದ ಇರುವುದು. ಆರು ತಿಂಗಳ ಮೇಲೆ 50,000 ಡಾಲರ್ ಬರಲಿದೆ ಎಂದುಕೊಳ್ಳಿ. ಇವತ್ತಿನ ದರ 85, ನಮ್ಮ ಬಡ್ಡಿ 6, ಅಮೆರಿಕದ ಬಡ್ಡಿ 4 ಎಂದಿದ್ದರೆ ಅಂತರ ವರ್ಷಕ್ಕೆ 2, ಆರು ತಿಂಗಳಿಗೆ 1 ಪರ್ಸೆಂಟ್. ಹಾಗಾಗಿ ಬ್ಯಾಂಕು ನಿಮಗೆ 85.85ರ ಹತ್ತಿರ, ತನ್ನ ಮಾರ್ಜಿನ್ ಕಳೆದು, ಈಗಲೇ ದರ ಬರೆದುಕೊಡುತ್ತದೆ. ಇವತ್ತಿನ ದರದ ಮೇಲಿನ ಆ 85 ಪೈಸೆಗೆ ಪ್ರೀಮಿಯಂ ಎನ್ನುತ್ತಾರೆ. ಡಾಲರ್ ಕೊಳ್ಳುವ ಎಣ್ಣೆಯ ಆಮದುದಾರನಿಗೆ ಈ ಪ್ರೀಮಿಯಂ ಖರ್ಚು, ಮಾರುವ ನಿಮಗೆ ಅದು ಆದಾಯ. ಒಂದು ದೇಶ ಘೋಷಿಸಿದ ಗಟ್ಟಿ ದರವನ್ನು ಪೇಟೆ ನಂಬಿದೆಯೋ ಇಲ್ಲವೋ ಎಂದು ತಿಳಿಯುವುದೂ ಇಲ್ಲಿಯೇ. ನಂಬಿದ್ದರೆ ಫಾರ್ವರ್ಡ್ ದರ ಇವತ್ತಿನ ದರಕ್ಕೆ ಅಂಟಿಕೊಂಡಿರುತ್ತದೆ, ನಂಬಿಕೆ ಹೋದರೆ ಎರಡರ ನಡುವಿನ ಅಂತರ ದಿನದಿಂದ ದಿನಕ್ಕೆ ಅಗಲವಾಗುತ್ತದೆ.

ಎಡವುವುದು ಎರಡು ಕಡೆ. ಮಾಲು ಕೋಲ್ಡ್ ಸ್ಟೋರೇಜಿನಿಂದ ಹೊರಡುವುದು ತಡವಾಯಿತು, ಇಲ್ಲವೇ ಗಿರಾಕಿ ಹಿಂದೆ ಸರಿದ ಎಂದರೆ ಡಾಲರ್ ನಿಮ್ಮ ಕೈಗೆ ಬರುವುದಿಲ್ಲ, ಆದರೆ ಒಪ್ಪಂದ ಹಾಗೇ ಇರುತ್ತದೆ. ಆ ಹೊತ್ತಿಗೆ ದರ 88 ಆಗಿದ್ದರೆ, ಒಪ್ಪಂದ ರದ್ದು ಮಾಡಲು ಡಾಲರಿಗೆ 2.15ರಂತೆ 1,07,500 ರೂಪಾಯಿ ನೀವು ಕಟ್ಟಬೇಕು. ಅದಕ್ಕೇ ಬರುವ ಡಾಲರ್ ಅಷ್ಟಕ್ಕೂ ಒಪ್ಪಂದ ಮಾಡಬೇಡಿ, ಗಟ್ಟಿ ಆರ್ಡರ್ ಕೈಗೆ ಬಂದಷ್ಟಕ್ಕೆ ಮಾತ್ರ ಮಾಡಿ. ಎರಡನೆಯದು ತಾರೀಖು. ಒಂದೇ ದಿನಕ್ಕೆ ಕಟ್ಟಿಕೊಳ್ಳುವ ಬದಲು ಒಂದು ತಿಂಗಳ ಒಳಗೆ ಯಾವಾಗ ಬೇಕಾದರೂ ಡಾಲರ್ ಕೊಡುವ ಸೌಲಭ್ಯ ಕೇಳಿ. ಆಗ ಪ್ರೀಮಿಯಂ ಆ ತಿಂಗಳ ಮೊದಲ ದಿನದ ತನಕ ಮಾತ್ರ ಸಿಗುತ್ತದೆ, ಕೆಲವು ಪೈಸೆ ಕಡಿಮೆ. ಹಡಗು ಹತ್ತು ದಿನ ತಡವಾದರೆ ಆ ಪೈಸೆ ದೊಡ್ಡದಲ್ಲ.

ಸೀಜನ್ನಿನಲ್ಲಿ ಮಾಲು ಕೊಳ್ಳಲು ತೆಗೆಯುವ ರಫ್ತು ಸಾಲವನ್ನು ಡಾಲರಿನಲ್ಲೇ ತೆಗೆಯಲು ಆಗುತ್ತದೆಯೇ ಎಂದು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ಹಸಿ ದ್ರಾಕ್ಷಿ ಕೊಳ್ಳುವ ದಿನವೇ ಡಾಲರ್ ರೂಪಾಯಿಯಾಗಿ ಕೈಗೆ ಬರುತ್ತದೆ, ಮುಂದೆ ಗಿರಾಕಿಯ ಡಾಲರ್ ಬಂದಾಗ ಅದರಿಂದಲೇ ಸಾಲ ತೀರುತ್ತದೆ. ನಡುವೆ ದರ ಎಲ್ಲಿಗೆ ಹೋದರೂ ಸಾಲದಷ್ಟು ಮೊತ್ತಕ್ಕೆ ನಿಮಗೆ ಸಂಬಂಧವಿಲ್ಲ. ಆದರೆ ಬಡ್ಡಿ ಕಡಿಮೆ ಎಂಬ ಒಂದೇ ಕಾರಣಕ್ಕೆ, ಊರಲ್ಲೇ ಮಾರುವ ಮಾಲಿಗೂ ಡಾಲರ್ ಸಾಲದ ದಾರಿ ಹುಡುಕಬೇಡಿ. ಆ ಸಾಲ ಇರುವುದು ರಫ್ತಿಗೆ. ಮೇಲಾಗಿ ತೀರಿಸಲು ಡಾಲರಿನ ಆದಾಯವಿಲ್ಲದವನಿಗೆ ರೂಪಾಯಿ ಇಳಿದಾಗಲೆಲ್ಲ ಅಸಲೇ ಬೆಳೆಯುತ್ತಾ ಹೋಗುತ್ತದೆ.